ನಲ್ಲಿಯ ಬಾಯಿಗೆ ಕಟ್ಟಿದ ಸುಣ್ಣ

ಅಡುಗೆಮನೆಯ ನಲ್ಲಿಯಲ್ಲಿ ನೀರು ಸಣ್ಣಗಾದರೆ ನಮ್ಮ ಕಣ್ಣು ಮೊದಲು ಹೋಗುವುದು ತಾರಸಿಯ ಕಡೆಗೆ. ಟ್ಯಾಂಕ್ ಖಾಲಿಯೇ, ಮೋಟರ್ ಹಾಕಿಲ್ಲವೇ, ಯಾರಾದರೂ ಗೇಟ್ ವಾಲ್ವ್ ತಿರುಗಿಸಿಟ್ಟರೇ ಎಂದು ಮೆಟ್ಟಿಲು ಹತ್ತಿ ಇಳಿಯುತ್ತೇವೆ. ಅಲ್ಲಿ ಎಲ್ಲ ಸರಿಯಾಗಿದ್ದರೆ ಪ್ಲಂಬರ್‌ಗೆ ಫೋನ್ ಹೋಗುತ್ತದೆ. ಅವರು ಬಂದು ನಲ್ಲಿ ತಿರುಗಿಸಿ ನೋಡಿ, ‘ಹಳೇದಾಗಿದೆ ಸಾರ್, ಹೊಸದು ಹಾಕಿಬಿಡೋಣ’ ಎನ್ನುತ್ತಾರೆ. ಹೊಸದು ಹಾಕಿದರೆ ನೀರು ಧೋ ಎಂದು ಬರುವುದೂ ನಿಜ. ಹಾಗಾಗಿ ಹಳೆಯ ನಲ್ಲಿಯೇ ಕೆಟ್ಟಿತ್ತು ಎಂದು ನಾವೂ ನಂಬುತ್ತೇವೆ. ಆದರೆ ಎಷ್ಟೋ ಮನೆಗಳಲ್ಲಿ ಕೆಟ್ಟಿದ್ದು ನಲ್ಲಿಯಲ್ಲ. ಅದರ ತುದಿಯಲ್ಲಿ, ನೀರು ಹೊರಬೀಳುವ ಬಾಯಿಯೊಳಗೆ, ಹೆಬ್ಬೆರಳಿನ ಅಗಲದ ಒಂದು ಬಿಲ್ಲೆ ಇರುತ್ತದೆ. ಅದರ ತೂತುಗಳು ಮುಚ್ಚಿಹೋಗಿರುತ್ತವೆ, ಅಷ್ಟೇ. ಆ ಬಿಲ್ಲೆಯ ಹೆಸರು ಏರೇಟರ್.

ನಲ್ಲಿಯನ್ನು ಕೆಳಗಿನಿಂದ ಇಣುಕಿ ನೋಡಿದರೆ ಜಾಲರಿಯಂತೆ ಕಾಣುವುದು ಅದೇ. ಒಳಗೆ ಮೂರು ನಾಲ್ಕು ತುಂಡುಗಳಿರುತ್ತವೆ. ಎಲ್ಲಕ್ಕಿಂತ ಮೇಲೆ ನೀರು ಸೋರದಂತೆ ಒಂದು ರಬ್ಬರ್ ವಾಷರ್. ಅದರ ಕೆಳಗೆ ಕಸ ತಡೆಯುವ ಸಣ್ಣ ಜಾಲರಿ. ಅದರ ಕೆಳಗೆ ಸೂಜಿಮೊನೆಯಂಥ ತೂತುಗಳಿರುವ ಪ್ಲಾಸ್ಟಿಕ್ ಬಿಲ್ಲೆ. ನೀರು ಈ ತೂತುಗಳಿಂದ ಎಳೆಎಳೆಯಾಗಿ, ಜೋರಾಗಿ ಚಿಮ್ಮುವಾಗ ಪಕ್ಕದ ಸೀಳುಗಳಿಂದ ಗಾಳಿಯನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಕೊನೆಯ ಜಾಲರಿಯಲ್ಲಿ ಗಾಳಿ, ನೀರು ಎರಡೂ ಬೆರೆತು ಬಿಳಿ ನೊರೆಯಂಥ ಧಾರೆಯಾಗಿ ಬೀಳುತ್ತವೆ. ಧಾರೆ ದಪ್ಪಗೆ ಕಾಣುತ್ತದೆ, ಪಾತ್ರೆಗೆ ಬಿದ್ದು ಮೈಮೇಲೆ ಸಿಡಿಯುವುದಿಲ್ಲ, ನೀರೂ ಕಡಿಮೆ ಖರ್ಚಾಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಜಲಮಂಡಳಿಯು ಅಪಾರ್ಟ್‌ಮೆಂಟ್, ಹೋಟೆಲು, ವಾಣಿಜ್ಯ ಕಟ್ಟಡಗಳ ಸಾಮೂಹಿಕ ಬಳಕೆಯ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿದ್ದು ಈ ಕಾರಣಕ್ಕೇ. ಅಲ್ಲಿಯವರೆಗೆ ಹೆಸರೇ ಕೇಳದವರೂ ಆಗ ಅಂಗಡಿಗೆ ಹೋಗಿ ಅದನ್ನು ಕೊಂಡರು. ಹಾಕಿಸಿಕೊಂಡ ಮೇಲೆ ಆಗಾಗ ಬಿಚ್ಚಿ ತೊಳೆಯಬೇಕು ಎಂಬುದನ್ನು ಮಾತ್ರ ಬಹಳ ಜನಕ್ಕೆ ಯಾರೂ ಹೇಳಲಿಲ್ಲ.

ಅಷ್ಟು ಸಣ್ಣ ತೂತುಗಳಿರುವ ಜಾಗದಲ್ಲಿ ಏನಾದರೊಂದು ಸಿಕ್ಕಿಕೊಳ್ಳದೆ ಇರುವುದಿಲ್ಲ. ಸಿಕ್ಕಿಕೊಂಡದ್ದು ಎರಡು ಬಗೆಯದು. ಒಂದು ನೀರಿನ ಜೊತೆ ಹರಿದು ಬಂದ ಕಸ, ಇನ್ನೊಂದು ನೀರೊಳಗೇ ಕರಗಿದ್ದು ಅಲ್ಲಿಯೇ ಕಟ್ಟಿಕೊಂಡ ಸುಣ್ಣ. ಎರಡನ್ನೂ ಬೇರೆ ಮಾಡಲು ಬಿಚ್ಚಿ ನೋಡಬೇಕಾಗಿಯೂ ಇಲ್ಲ. ನಿನ್ನೆ ಚೆನ್ನಾಗಿದ್ದ ನಲ್ಲಿ ಇವತ್ತು ಬೆಳಿಗ್ಗೆ ಸಣ್ಣಗಾಗಿದ್ದರೆ ಅದು ಕಸ. ಮೊನ್ನೆ ಟ್ಯಾಂಕ್ ತೊಳೆಸಿರುತ್ತೀರಿ, ಬೀದಿಯಲ್ಲಿ ಪೈಪ್ ಒಡೆದು ರಿಪೇರಿಯಾಗಿರುತ್ತದೆ, ಇಲ್ಲವೇ ಪಕ್ಕದ ಬಚ್ಚಲಲ್ಲಿ ಪ್ಲಂಬಿಂಗ್ ಕೆಲಸ ನಡೆದಿರುತ್ತದೆ. ಹಾಗಲ್ಲದೆ ಆರು ತಿಂಗಳಿಂದ ಬಿಂದಿಗೆ ತುಂಬುವ ಹೊತ್ತು ಸ್ವಲ್ಪ ಸ್ವಲ್ಪವೇ ಹೆಚ್ಚುತ್ತಾ ಬಂದು, ಧಾರೆ ಒಂದು ಪಕ್ಕಕ್ಕೆ ಓರೆಯಾಗಿ ಚಿಮ್ಮತೊಡಗಿದ್ದರೆ ಅದು ಸುಣ್ಣ.

ಸುಣ್ಣ ಬರುವುದು ಗಡಸು ನೀರಿನಿಂದ. ಬೋರ್‌ವೆಲ್ ನೀರು ಬಂಡೆಯ ಸಂದುಗಳಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡಿರುತ್ತದೆ. ಬೆಂಗಳೂರಿನವರು ಇದನ್ನು ‘ಉಪ್ಪು ನೀರು’ ಎಂದೂ ಕಾವೇರಿಯದನ್ನು ‘ಸಿಹಿ ನೀರು’ ಎಂದೂ ಕರೆದು ಬೇರೆ ಬೇರೆ ಟ್ಯಾಂಕ್ ಇಡುವುದು ಸುಮ್ಮನೆ ಅಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟಿರುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೂ ಒಪ್ಪಬಹುದು ಎನ್ನುತ್ತದೆ. ಬಯಲುಸೀಮೆಯ ಎಷ್ಟೋ ಬೋರ್‌ಗಳು ಈ ಎರಡು ಅಂಕಿಗಳ ನಡುವೆ ಇರುತ್ತವೆ, ಕೆಲವು ಅದನ್ನೂ ಮೀರುತ್ತವೆ.

ನೀರು ಹರಿಯುತ್ತಿರುವಾಗ ಸುಣ್ಣ ಅಷ್ಟಾಗಿ ಕಟ್ಟುವುದಿಲ್ಲ. ನಲ್ಲಿ ನಿಲ್ಲಿಸಿದ ಮೇಲೆ ಜಾಲರಿಯ ಕಣ್ಣುಗಳಲ್ಲಿ ನಾಲ್ಕು ಹನಿ ಉಳಿಯುತ್ತದಲ್ಲ, ತೊಂದರೆ ಅದರದು. ಆ ಹನಿಗಳು ಆರುತ್ತವೆ, ನೀರು ಆವಿಯಾಗಿ ಹೋಗುತ್ತದೆ, ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಅಲ್ಲೇ ಉಳಿಯುತ್ತದೆ. ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುವ ಅಡುಗೆಮನೆಯ ನಲ್ಲಿಯಲ್ಲಿ ಹತ್ತಾರು ಸಲ ಇದೇ ನಡೆಯುತ್ತದೆ. ತೊಟ್ಟಿಕ್ಕುವ ನಲ್ಲಿಯಾದರಂತೂ ರಾತ್ರಿಯೆಲ್ಲ ಇದೇ ಕೆಲಸ. ಹೀಗೆ ಕಟ್ಟಿದ ಪದರ ಸುಣ್ಣದ ಕಲ್ಲಿನದೇ ಜಾತಿ. ಉಗುರಿನಿಂದ ಕೆರೆದರೆ ಹೋಗುವುದಿಲ್ಲ, ಸೋಪಿಗೆ ಜಗ್ಗುವುದಿಲ್ಲ. ಹುಳಿಗೆ ಮಾತ್ರ ಕರಗುತ್ತದೆ.

ತಪ್ಪು ನಿಜಕ್ಕೂ ಏರೇಟರ್‌ನದೇ ಎಂದು ಖಚಿತ ಮಾಡಿಕೊಳ್ಳುವ ಬಗೆಯನ್ನು ಒಂದು ಮನೆಯ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮ ಬೀದಿಯ ಎರಡಂತಸ್ತಿನ ಮನೆ. ಅಡುಗೆಮನೆ ಕೆಳಗಿನ ಅಂತಸ್ತಿನಲ್ಲಿದೆ, ತಾರಸಿಯ ಟ್ಯಾಂಕಿನ ನೀರು ಸಿಂಕಿನ ನಲ್ಲಿಗಿಂತ ಸುಮಾರು ಐದಾರು ಮೀಟರ್ ಎತ್ತರದಲ್ಲಿದೆ. ಬೋರ್ ನೀರು. ಅಡುಗೆಮನೆಯಲ್ಲಿ ಒಂದು ಲೀಟರಿನ ಜಗ್ ತುಂಬಲು 40 ಸೆಕೆಂಡು ಹಿಡಿಯುತ್ತಿತ್ತು. ಗೋಡೆಯ ಆಚೆಗಿರುವ ಬಚ್ಚಲಿನ ಸಾದಾ ನಲ್ಲಿಯಲ್ಲಿ ಅದೇ ಜಗ್ ಆರೇಳು ಸೆಕೆಂಡಿಗೆ ತುಂಬುತ್ತಿತ್ತು. ಇಷ್ಟು ಸಾಕು, ಟ್ಯಾಂಕನ್ನೂ ದೊಡ್ಡ ಪೈಪನ್ನೂ ಅನುಮಾನದಿಂದ ಬಿಡಬಹುದು. ಮನೆಯ ಎಲ್ಲ ನಲ್ಲಿಗಳೂ ಒಟ್ಟಿಗೆ ಸಣ್ಣಗಾಗಿದ್ದರೆ ಆಗ ಮೇಲೆ ಹೋಗಿ ನೋಡಬೇಕು.

ಇನ್ನು ಬಿಚ್ಚುವ ಕೆಲಸ. ಮೊದಲು ಸಿಂಕಿನ ತೂತಿಗೆ ಒಂದು ಬಟ್ಟೆ ತುರುಕಿ. ಒಳಗಿನ ವಾಷರ್ ಜಾರಿ ಬಿದ್ದು ಚರಂಡಿ ಸೇರಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ತಿರುಗಿಸುವ ದಿಕ್ಕು. ಬಹಳ ಜನ ತಪ್ಪುವುದು ಇಲ್ಲೇ. ಏರೇಟರ್ ಇರುವುದು ತಲೆಕೆಳಗಾಗಿ. ತಲೆ ಬಗ್ಗಿಸಿ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿದರೆ ಬಿಚ್ಚುತ್ತದೆ. ಮೇಲೆ ನಿಂತು ನೋಡುವವರಿಗೆ ಅದು ಮುಳ್ಳಿನ ದಿಕ್ಕಿನಲ್ಲೇ ತಿರುಗಿದಂತೆ ಕಾಣುತ್ತದೆ. ದಿಕ್ಕು ತಪ್ಪಿ ಇನ್ನಷ್ಟು ಬಿಗಿ ಮಾಡಿ, ‘ಇದು ಬರಲ್ಲ’ ಎಂದು ಕೈಬಿಟ್ಟವರು ಎಷ್ಟೋ ಜನ.

ಒಂದು ಕೈಯಲ್ಲಿ ನಲ್ಲಿಯ ಕೊಕ್ಕನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ನಲ್ಲಿಯೇ ಸುತ್ತುತ್ತದೆ. ಇನ್ನೊಂದು ಕೈಯಿಂದ ಒಣ ಬಟ್ಟೆ ಅಥವಾ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿ ತಿರುಗಿಸಿ. ಜಗ್ಗದಿದ್ದರೆ ಪ್ಲೇಯರ್ ಹಿಡಿಯಬಹುದು, ಆದರೆ ಬಟ್ಟೆಯ ಮೇಲಿನಿಂದ, ಹಗುರವಾಗಿ. ಹೊರಗಿನ ಹಿತ್ತಾಳೆ ಬಳೆ ತೆಳು, ಒತ್ತಿ ಹಿಡಿದರೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಮತ್ತೆ ಮರೆ ಕೂರುವುದಿಲ್ಲ. ಅದಕ್ಕೂ ಬಾರದಿದ್ದರೆ ಮರೆಯ ಸುತ್ತಲೇ ಸುಣ್ಣ ಹಿಡಿದಿದೆ ಎಂದರ್ಥ. ಒಂದು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ವಿನೆಗರ್ ಸುರಿದು, ನಲ್ಲಿಯ ಬಾಯಿ ಅದರಲ್ಲಿ ಮುಳುಗುವಂತೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಅರ್ಧ ಗಂಟೆ ಬಿಟ್ಟರೆ ಸಡಿಲವಾಗುತ್ತದೆ. ಈಚಿನ ಕೆಲವು ನಲ್ಲಿಗಳಲ್ಲಿ ಏರೇಟರ್ ಹೊರಗೆ ಕಾಣುವುದೇ ಇಲ್ಲ, ಬಾಯಿಯೊಳಗೆ ಹುದುಗಿರುತ್ತದೆ. ಅದಕ್ಕೆ ಹಲ್ಲುಹಲ್ಲಾದ ಪ್ಲಾಸ್ಟಿಕ್ ಕೀ ಬೇಕು. ನಲ್ಲಿಯ ಡಬ್ಬದಲ್ಲಿ ಬಂದಿರುತ್ತದೆ, ಸಾಮಾನ್ಯವಾಗಿ ಏನೆಂದು ತಿಳಿಯದೆ ಎಸೆದಿರುತ್ತೇವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಡಿಯಾಗಿ ಕೇಳಬಹುದು.

ಬಿಚ್ಚಿದ ಕೂಡಲೇ ತೊಳೆಯಲು ಓಡಬೇಡಿ. ಬಿಚ್ಚಿದ ನಲ್ಲಿಯನ್ನು ಒಮ್ಮೆ ತೆರೆದು ಮತ್ತೆ ಜಗ್ ಹಿಡಿಯಿರಿ. ಆ ಮನೆಯಲ್ಲಿ 40 ಸೆಕೆಂಡಿನದು 7ಕ್ಕೆ ಇಳಿಯಿತು. ಇದೇ ಇಡೀ ಪರೀಕ್ಷೆಯ ತೀರ್ಪು. ಏರೇಟರ್ ಇಲ್ಲದೆಯೂ ನೀರು ಸಣ್ಣಗೇ ಬಂದರೆ ತಡೆ ಇರುವುದು ಹಿಂದೆ. ಸಿಂಕಿನ ಕೆಳಗಿನ ಆಂಗಲ್ ಕಾಕ್ ಅರ್ಧ ಮುಚ್ಚಿರಬಹುದು, ಅದರೊಳಗೆ ಸಣ್ಣ ಜಾಲರಿಯಿದ್ದರೆ ಅದೂ ಕಟ್ಟಿರಬಹುದು, ಅಲ್ಲಿಂದ ಮೇಲೆ ಬರುವ ಕನೆಕ್ಷನ್ ಪೈಪ್ ತಿರುಚಿಕೊಂಡಿರಬಹುದು. ಬಿಸಿ-ತಣ್ಣೀರು ಒಂದೇ ಬಾಯಿಂದ ಬರುವ ಮಿಕ್ಸರ್ ಆಗಿದ್ದರೆ ಬಿಚ್ಚದೆಯೇ ಇನ್ನೊಂದು ಸುಳಿವು ಸಿಗುತ್ತದೆ. ತಣ್ಣೀರು ಜೋರಾಗಿ ಬಂದು ಬಿಸಿನೀರು ಮಾತ್ರ ಸಣ್ಣಗಿದ್ದರೆ ಏರೇಟರ್ ನಿರ್ದೋಷಿ, ಎರಡೂ ಹಾದುಹೋಗುವುದು ಅದರಿಂದಲೇ ತಾನೆ. ಆಗ ಗೀಸರ್ ದಾರಿಯನ್ನು ನೋಡಬೇಕು.

ಏರೇಟರ್‌ನ ತುಂಡುಗಳನ್ನು ಒಂದೊಂದಾಗಿ ಬಿಡಿಸಿ, ಬಿಡಿಸಿದ ಕ್ರಮದಲ್ಲೇ ಟವೆಲ್ ಮೇಲೆ ಸಾಲಾಗಿ ಇಡಿ. ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಂಡರೆ ಇನ್ನೂ ಒಳ್ಳೆಯದು. ಮೇಲಿನ ಜಾಲರಿಯಲ್ಲಿ ಸಿಕ್ಕ ಕಸವನ್ನು ತಟ್ಟನೆ ತೊಳೆದು ಬಿಡುವುದಕ್ಕಿಂತ ಒಂದು ಬಿಳಿ ತಟ್ಟೆಗೆ ಉದುರಿಸಿ ನೋಡುವುದು ಮೇಲು. ನಿಮ್ಮ ಮನೆಯ ಪೈಪುಗಳೊಳಗೆ ಏನು ನಡೆದಿದೆ ಎಂದು ಕಣ್ಣಿಗೆ ಕಾಣಿಸುವ ಅಪರೂಪದ ಜಾಗ ಅದು. ಮರಳು ಇದ್ದರೆ ಸಂಪಿನ ತಳ ತುಂಬಿದೆ, ಇಲ್ಲವೇ ಬೋರ್ ಮರಳು ಎಳೆಯುತ್ತಿದೆ. ಕೆಂಪು-ಕಂದು ಚೂರುಗಳಾದರೆ ಎಲ್ಲೋ ಹಳೆಯ ಜಿಐ ಪೈಪ್ ತುಕ್ಕು ಹಿಡಿದಿದೆ. ಸುರುಳಿಸುರುಳಿಯಾದ ಪ್ಲಾಸ್ಟಿಕ್ ಪುಡಿ, ಬಿಳಿ ಟೆಫ್ಲಾನ್ ಟೇಪಿನ ಎಳೆ ಸಿಕ್ಕರೆ ಅದು ಪೈಪ್ ಕೊಯ್ದ ಪ್ಲಂಬರ್ ಬಿಟ್ಟು ಹೋದದ್ದು, ಒಮ್ಮೆ ತೊಳೆದರೆ ಮುಗಿಯಿತು. ಕರಿ ಚೂರುಗಳನ್ನು ಬೆರಳಲ್ಲಿ ಉಜ್ಜಿದಾಗ ಮಸಿ ಹತ್ತಿದರೆ ಯಾವುದೋ ರಬ್ಬರ್ ವಾಷರ್ ಅಥವಾ ಕನೆಕ್ಷನ್ ಪೈಪಿನ ಒಳಪದರ ಕೊಳೆಯುತ್ತಿದೆ, ಅದನ್ನು ಬದಲಾಯಿಸಬೇಕು. ಹಸಿರು ಲೋಳೆ ಕಂಡರೆ ಟ್ಯಾಂಕಿನ ಮುಚ್ಚಳ ಸರಿಯಿಲ್ಲ, ಒಳಕ್ಕೆ ಬಿಸಿಲು ಬೀಳುತ್ತಿದೆ. ಮಿಕ್ಸರ್ ನಲ್ಲಿಯಲ್ಲಿ ಮೊಟ್ಟೆಯ ಸಿಪ್ಪೆಯಂಥ ಬಿಳಿ ಚಕ್ಕೆ ರಾಶಿ ಸಿಕ್ಕರೆ ಅದು ಗೀಸರಿನೊಳಗಿನ ಕಾಯಿಲ್ ಮೇಲಿಂದ ಎದ್ದು ಬಂದದ್ದು. ನೀರು ಕಾಯ್ದಾಗ ಸುಣ್ಣ ಇನ್ನೂ ಬೇಗ ಬೇರೆಯಾಗುತ್ತದೆ. ಇಂಥ ಮನೆಯಲ್ಲಿ ಏರೇಟರ್ ಎಷ್ಟು ಸಲ ತೊಳೆದರೂ ತಿಂಗಳೊಪ್ಪತ್ತಿಗೆ ಮತ್ತೆ ಕಟ್ಟುತ್ತದೆ, ಗೀಸರ್ ಬಿಚ್ಚಿಸಿ ತೊಳೆಸುವವರೆಗೆ.

ಕಸವನ್ನು ತೆಗೆಯುವುದು ಸುಲಭ. ಜಾಲರಿಯನ್ನು ತಿರುವಿ ಹಿಡಿದು, ನೀರು ಬಂದ ದಿಕ್ಕಿಗೆ ವಿರುದ್ಧವಾಗಿ ಬೇರೆ ನಲ್ಲಿಯ ಕೆಳಗೆ ತೊಳೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಸೇಫ್ಟಿ ಪಿನ್ ಚುಚ್ಚುವ ಆಸೆ ಬರುತ್ತದೆ. ಲೋಹದ ಜಾಲರಿಯಾದರೆ ಕೆಳಗಿನಿಂದ ಮೇಲಕ್ಕೆ ಹಗುರವಾಗಿ ಚುಚ್ಚಬಹುದು. ಪ್ಲಾಸ್ಟಿಕ್ ಬಿಲ್ಲೆಯ ತೂತುಗಳಿಗೆ ಮಾತ್ರ ಬೇಡ. ಒಂದು ತೂತು ಹಿಗ್ಗಿದರೂ ಧಾರೆ ಶಾಶ್ವತವಾಗಿ ಓರೆಯಾಗುತ್ತದೆ.

ಸುಣ್ಣಕ್ಕೆ ಹುಳಿ ಬೇಕು ಎಂದೆನಲ್ಲ, ಯಾವ ಹುಳಿ, ಎಷ್ಟು ಎಂಬುದರಲ್ಲಿ ಸ್ವಲ್ಪ ಲೆಕ್ಕವಿದೆ. ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರಿನಲ್ಲಿ ಅಸಿಟಿಕ್ ಆಮ್ಲ ಶೇಕಡಾ 4ರಿಂದ 5ರಷ್ಟು ಇರುತ್ತದೆ. ಒಂದು ಗ್ರಾಂ ಸುಣ್ಣ ಪೂರ್ತಿ ಕರಗಲು ಅದು 25ರಿಂದ 30 ಮಿಲಿಲೀಟರ್ ಬೇಕು. ಜಾಲರಿಯ ಮೇಲೆ ಒಂದು ಚಮಚ ಸುರಿದು ಹತ್ತು ನಿಮಿಷಕ್ಕೆ ತೊಳೆದರೆ ಏನೂ ಆಗದಿರುವುದು ಅದಕ್ಕೇ. ಅರ್ಧ ಲೋಟ ವಿನೆಗರಿನಲ್ಲಿ ತುಂಡುಗಳನ್ನು ಪೂರ್ತಿ ಮುಳುಗಿಸಬೇಕು. ನನಗೆ ಇದಕ್ಕಿಂತ ಒಗ್ಗಿರುವುದು ಸಿಟ್ರಿಕ್ ಆಮ್ಲ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಸಕ್ಕರೆಯಂಥ ಹರಳು ಕೊಡುತ್ತಾರೆ. ವಾಸನೆಯಿಲ್ಲ, ಅಗ್ಗ, ಕೆಡುವುದಿಲ್ಲ. ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಹಾಕಿ ಕದಡಿದರೆ ವಿನೆಗರಿನಷ್ಟೇ ಕಸುವಿನ ದ್ರಾವಣ ತಯಾರು. ನೀರು ಬೆಚ್ಚಗಿದ್ದರೆ ಸಾಕು, ಕುದಿಯಬಾರದು. ತೀರಾ ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪುಡಿ ಕಟ್ಟಿಕೊಳ್ಳುತ್ತದೆ, ಒಂದನ್ನು ಕಳೆದು ಇನ್ನೊಂದನ್ನು ತಂದಂತೆ. ಏನೂ ಇಲ್ಲದಾಗ ನಿಂಬೆಹಣ್ಣಿನ ರಸವೂ ಆದೀತು, ಆದರೆ ಒಂದು ಹಣ್ಣಿನ ರಸಕ್ಕೆ ಹೆಚ್ಚೆಂದರೆ ಗ್ರಾಂ ಸುಣ್ಣ ಕರಗೀತು. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣಿನಷ್ಟು ಒಳ್ಳೆಯದು ಇನ್ನೊಂದಿಲ್ಲ ನಿಜ. ಇಲ್ಲಿ ಅದು ಬೇಡ. ಹುಣಸೆಯ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿ ನೀರಿಗೆ ಸುಲಭವಾಗಿ ಕರಗದ ವಸ್ತುವಾಗುತ್ತದೆ, ನಾರು ಬೇರೆ ಜಾಲರಿಗೆ ಸಿಕ್ಕಿಕೊಳ್ಳುತ್ತದೆ.

ದ್ರಾವಣಕ್ಕೆ ಹಾಕಿದ ಕೂಡಲೇ ಸಣ್ಣ ಗುಳ್ಳೆಗಳು ಏಳಬೇಕು. ಸುಣ್ಣ ಕರಗುತ್ತಾ ಇಂಗಾಲದ ಡೈಆಕ್ಸೈಡ್ ಬಿಡುತ್ತಿದೆ ಎಂಬುದಕ್ಕೆ ಅದೇ ಗುರುತು. ಗುಳ್ಳೆಯೇ ಏಳದಿದ್ದರೆ ಅಲ್ಲಿರುವುದು ಸುಣ್ಣವಲ್ಲ, ಮರಳೋ ತುಕ್ಕೋ ಇರಬೇಕು, ಬ್ರಷ್ ಹಿಡಿಯಿರಿ. ಗುಳ್ಳೆ ನಿಂತ ಮೇಲೂ ಬಿಳಿ ಪದರ ಉಳಿದಿದ್ದರೆ ಹುಳಿ ಸತ್ತಿದೆ, ಹೊಸ ದ್ರಾವಣ ಮಾಡಿ. ಆ ಮನೆಯ ಏರೇಟರ್‌ಗೆ ಎರಡು ಸಲ ಬದಲಾಯಿಸಿ ಒಟ್ಟು ಒಂದು ಗಂಟೆ ಹಿಡಿಯಿತು. ರಬ್ಬರ್ ವಾಷರನ್ನು ಹುಳಿಗೆ ಹಾಕದೆ ಬರೀ ನೀರಲ್ಲಿ ತೊಳೆದಿಟ್ಟೆವು. ರಾತ್ರಿಯಿಡೀ ನೆನೆಸುವ ರೂಢಿ ಕೆಲವರಿಗಿದೆ. ಅದು ಬೇಡ. ಸುಣ್ಣ ಮುಗಿದ ಮೇಲೆ ಹುಳಿ ಹಿತ್ತಾಳೆಯನ್ನೇ ತಿನ್ನತೊಡಗುತ್ತದೆ, ಕ್ರೋಮ್ ಲೇಪ ಮಂಕಾಗುತ್ತದೆ. ಕಪ್ಪು, ಬಂಗಾರದ ಬಣ್ಣದ ನಲ್ಲಿಗಳ ಹೊರಮೈಗಂತೂ ಹುಳಿ ಬಟ್ಟೆ ಸುತ್ತಲೇಬಾರದು.

ಬಚ್ಚಲು ತೊಳೆಯುವ ಆಸಿಡ್ ಬಾಟಲಿ ಕೈಗೆ ಹತ್ತಿರವೇ ಇರುತ್ತದೆ, ಅದರಿಂದ ಸುಣ್ಣ ನಿಮಿಷದಲ್ಲಿ ಕರಗುವುದೂ ಹೌದು. ಅದು ಹೈಡ್ರೋಕ್ಲೋರಿಕ್ ಆಮ್ಲ. ಸುಣ್ಣದ ಜೊತೆಗೇ ಕ್ರೋಮ್ ಲೇಪವನ್ನೂ ಎಬ್ಬಿಸುತ್ತದೆ. ಇನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ ಸಿಂಕಿನಲ್ಲಿ ಆಸಿಡ್ ಇರಲಿ, ವಿನೆಗರ್ ಕೂಡ ಸುರಿಯಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಅಡುಗೆಮನೆಯಲ್ಲಿ ಅದು ಉಸಿರಿಗೆ ಅಪಾಯ.

ಕರಗಿದ ಮೇಲೆ ಬ್ರಷ್ಷಿನಿಂದ ಉಜ್ಜಿ, ತೊಳೆದು, ಪ್ರತಿ ತುಂಡನ್ನೂ ಬೆಳಕಿಗೆ ಹಿಡಿದು ನೋಡಿ. ಎಲ್ಲ ತೂತುಗಳಿಂದಲೂ ಬೆಳಕು ಬರಬೇಕು. ಮತ್ತೆ ಹಾಕುವ ಮುಂಚೆ ನಲ್ಲಿಯನ್ನು ಒಂದು ನಿಮಿಷ ಜೋರಾಗಿ ಬಿಡಿ, ಪೈಪಿನಲ್ಲಿ ಉಳಿದ ಕಸ ಹೊರಬಂದುಬಿಡಲಿ. ಆಮೇಲೆ ವಾಷರ್ ಕೂರಿಸಿ, ಮರೆ ಅಡ್ಡ ಹತ್ತದಂತೆ ನೋಡಿಕೊಂಡು ಕೈಯಲ್ಲೇ ಬಿಗಿ ಮಾಡಿ. ಪ್ಲೇಯರ್ ಬೇಡ, ಟೆಫ್ಲಾನ್ ಟೇಪೂ ಬೇಡ. ಇಲ್ಲಿ ನೀರು ತಡೆಯುವುದು ವಾಷರ್. ಪಕ್ಕದಿಂದ ಜಿನುಗಿದರೆ ವಾಷರ್ ಸೊಟ್ಟಗಾಗಿದೆ, ಇಲ್ಲವೇ ಹಳೆಯದಾಗಿ ಕಲ್ಲಿನಂತಾಗಿದೆ. ನಾನು ಹೇಳಿದ ಮನೆಯಲ್ಲಿ ಏರೇಟರ್ ಮತ್ತೆ ಕೂರಿಸಿದ ಮೇಲೆ ಜಗ್ ತುಂಬಲು ಹಿಡಿದದ್ದು 10 ಸೆಕೆಂಡು. ನಿಮಿಷಕ್ಕೆ ಆರು ಲೀಟರ್, ಪಾತ್ರೆ ತೊಳೆಯಲು ಧಾರಾಳ.

ತೊಳೆದರೂ ನೀರು ಸಣ್ಣಗೇ ಬಂದರೆ? ಕೆಲವು ಮನೆಗಳಲ್ಲಿ ಹಾಗೂ ಆಗುತ್ತದೆ, ಅದಕ್ಕೆ ಕಾರಣ ಎತ್ತರ. ಟ್ಯಾಂಕಿನಿಂದ ಹತ್ತು ಮೀಟರ್ ಕೆಳಗಿರುವ ನಲ್ಲಿಗೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಟ್ಯಾಂಕಿಗೆ ತಾಗಿದಂತೆಯೇ ಇರುವ ಮೇಲಿನ ಅಂತಸ್ತಿನ ನಲ್ಲಿಗೆ ಎರಡು ಮೂರು ಮೀಟರ್ ಎತ್ತರ ಸಿಕ್ಕರೆ ಹೆಚ್ಚು, ಅಂದರೆ 0.2ರಿಂದ 0.3 ಬಾರ್. ನೀರು ಉಳಿಸುವ ಏರೇಟರ್‌ಗಳ ಡಬ್ಬದ ಮೇಲೆ ಬರೆದಿರುವ ಲೀಟರ್ ಲೆಕ್ಕ ಸಾಮಾನ್ಯವಾಗಿ 3 ಬಾರ್ ಒತ್ತಡದ್ದು. ಹೊಚ್ಚ ಹೊಸದಾಗಿದ್ದರೂ ಅದು ಮೇಲಿನ ಅಂತಸ್ತಿನಲ್ಲಿ ಸೊರಗುತ್ತದೆ, ಗಾಳಿ ಎಳೆದುಕೊಳ್ಳುವಷ್ಟು ರಭಸವೇ ಅಲ್ಲಿರುವುದಿಲ್ಲ. ಅಂಥ ಕಡೆ ಹೆಚ್ಚು ನೀರು ಬಿಡುವ ಏರೇಟರ್ ಕೇಳಿ ಹಾಕಿಸಿಕೊಳ್ಳುವುದು, ಟ್ಯಾಂಕನ್ನು ಕಟ್ಟೆಯ ಮೇಲೆ ಏರಿಸುವುದು ಅಥವಾ ಪ್ರೆಶರ್ ಪಂಪ್ ಇಡುವುದು, ಇಷ್ಟೇ ದಾರಿ. ಹುಳಿಯಿಂದ ಒತ್ತಡ ಹೆಚ್ಚುವುದಿಲ್ಲ.

ಏರೇಟರನ್ನು ಬಿಚ್ಚಿ ಎಸೆದು ಹಾಗೆಯೇ ಬಳಸುವವರೂ ಇದ್ದಾರೆ. ತಾತ್ಕಾಲಿಕವಾಗಿ ಸರಿ, ಆದರೆ ಸಿಡಿದ ನೀರಿಗೆ ಕಟ್ಟೆಯೆಲ್ಲ ಒದ್ದೆ, ಪಾತ್ರೆ ತೊಳೆಯುವಾಗ ನೀರೂ ಹೆಚ್ಚು ಹೋಗುತ್ತದೆ. ಒಳಗಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ, ಜಾಲರಿ ಹರಿದಿದ್ದರೆ ಹೊಸದನ್ನೇ ತನ್ನಿ. ಕೊಳ್ಳುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ನಲ್ಲಿಯ ಬಾಯಿಯ ಒಳಗೆ ಮರೆಯಿದ್ದರೆ ಒಂದು ಅಳತೆ, ಸಾಮಾನ್ಯವಾಗಿ 24 ಮಿ.ಮೀ. ಹೊರಗೆ ಮರೆಯಿದ್ದರೆ ಇನ್ನೊಂದು, ಸಾಮಾನ್ಯವಾಗಿ 22. ಬಾಯಲ್ಲಿ ಹೇಳಿದರೆ ಅಂಗಡಿಯವರಿಗೂ ಗೊಂದಲ, ತೋರಿಸಿದರೆ ಕ್ಷಣದ ಕೆಲಸ.

ಬೋರ್ ನೀರಿನ ಮನೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ, ಕಾವೇರಿ ನೀರಿನ ಮನೆಯಲ್ಲಿ ವರ್ಷಕ್ಕೆ ಒಂದೆರಡು ಸಲ ಬಿಚ್ಚಿ ತೊಳೆದರೆ ಮರೆ ಸುಣ್ಣ ಹಿಡಿದು ಜಾಮ್ ಆಗುವುದಿಲ್ಲ, ಮುಂದಿನ ಸಲ ಕೈಯಲ್ಲೇ ಬಿಚ್ಚುತ್ತದೆ. ಟ್ಯಾಂಕ್ ತೊಳೆಸುವ ದಿನ ಮಾತ್ರ ಕಾಯಬೇಡಿ. ಕೆಲಸ ಶುರುವಾಗುವ ಮುಂಚೆಯೇ ಮನೆಯ ಎಲ್ಲ ಏರೇಟರ್‌ಗಳನ್ನೂ ಬಿಚ್ಚಿಟ್ಟು, ಹೊಸ ನೀರು ಬಂದ ಮೇಲೆ ಎಲ್ಲ ನಲ್ಲಿಗಳನ್ನೂ ಐದು ನಿಮಿಷ ಬಕೆಟ್‌ಗೆ ಬಿಟ್ಟು, ನೀರು ತಿಳಿಯಾದ ಮೇಲೆಯೇ ಮತ್ತೆ ಹಾಕಿ. ಬಕೆಟ್‌ನ ನೀರು ಗಿಡಕ್ಕೆ ಆಗುತ್ತದೆ.